ಅರ್ಧ ಲೋಟ ಕಾಫಿ: ಕಥೆಯ ಅಜ್ಜಿಗೆ ಮೊಮ್ಮಗನ ಭಯ ತಿಳಿಯುವುದು ಹೇಗೆ?

ಪ್ರಶ್ನೆ (ಕಥೆ ಬರೆಯುತ್ತಿರುವವರು, ಉಡುಪಿ):
ಒಂದು ಸಣ್ಣಕಥೆ ಬರೀತಾ ಇದ್ದೇನೆ. ಕಡಿಯಾಳಿ ಹತ್ತಿರದ ಮನೆ, ಅಜ್ಜಿಗೆ 72, ಮೊಮ್ಮಗ ಮೊದಲ ಪಿಯುಸಿ. ನೆಂಟರು ಬಂದರೆ ರೂಮು ಸೇರುತ್ತಾನೆ, ಕಾಫಿ ಕೊಡು ಅಂದರೆ ಅರ್ಧ ಲೋಟ ತರುತ್ತಾನೆ. ಅಜ್ಜಿ ಮೊದಲು ಅದನ್ನು ಅಹಂಕಾರ ಅಂದುಕೊಳ್ಳುತ್ತಾಳೆ, ಆಮೇಲೆ ಭಯ ಅಂತ ಗೊತ್ತಾಗುತ್ತದೆ. ಕೊನೆಗೆ ಮನೆಯ ಉಪನಯನದ ಊಟದ ಹಂತಿಯಲ್ಲಿ ಅವನ ಕೈಗೆ ಸಾರಿನ ಬಕೆಟ್ ಕೊಡುತ್ತಾಳೆ, ಅವನು ಬಡಿಸಿ ಮುಗಿಸುತ್ತಾನೆ, ಭಯ ಬಿಟ್ಟುಹೋಗುತ್ತದೆ. ಓದಿದ ಗೆಳತಿ "ಇದು ಸುಳ್ಳು" ಅಂದಳು. ಎಲ್ಲಿ ಸುಳ್ಳಾಯಿತು? ಇದರ ಬಗ್ಗೆ ತಿಳಿದವರು ಹೇಳಬೇಕು.

ಕ್ಲಿನಿಕಲ್ ಸೈಕಾಲಜಿಸ್ಟ್, ಮಂಗಳೂರು:
ಅರ್ಧ ಲೋಟವನ್ನು ಒಂದೇ ಮಾತಿನಲ್ಲಿ ದಾಟಿಬಿಟ್ಟಿದ್ದೀರಿ. ನಿಮ್ಮ ಕಥೆ ಇರುವುದು ಆ ಲೋಟದಲ್ಲೇ.

ಅವನು ಯಾಕೆ ಅರ್ಧ ತರುತ್ತಾನೆ? ತುಂಬಿಸಿದರೆ ಕೈ ನಡುಗಿ ಚೆಲ್ಲುತ್ತದೆ, ಚೆಲ್ಲಿದರೆ ಎಲ್ಲರೂ ಕೈ ನೋಡುತ್ತಾರೆ, ಕೈ ನೋಡಿದರೆ "ಇವನಿಗೆ ಎಂತದೋ ಉಂಟು" ಅಂತ ತೀರ್ಮಾನ ಮಾಡುತ್ತಾರೆ ಎನ್ನುವುದು ಅವನ ಲೆಕ್ಕ. ಕೈ ನಡುಗಬಾರದು ಅಂತ ಲೋಟವನ್ನು ಬಿಗಿಯಾಗಿ ಹಿಡಿಯುತ್ತಾನೆ. ಬಿಗಿ ಹಿಡಿದಷ್ಟೂ ನಡುಕ ಜಾಸ್ತಿಯಾಗುತ್ತದೆ, ಬೇಕಾದರೆ ನೀವೇ ಒಂದು ನಿಮಿಷ ಹಿಡಿದು ನೋಡಿ. ಅವನ ಗಮನವೆಲ್ಲ ಆಗ ತನ್ನ ಬೆರಳಿನ ಮೇಲೆ, ಬಿಸಿಯಾದ ಕಿವಿಯ ಮೇಲೆ. ಎದುರಿಗಿರುವ ಮಾವನ ಮುಖವನ್ನು ಅವನು ನೋಡಿರುವುದೇ ಇಲ್ಲ. ಮಾವ ಕ್ರಿಕೆಟ್ ಸ್ಕೋರ್ ಮಾತಾಡುತ್ತಿದ್ದರೂ "ಮಾವ ನನ್ನನ್ನೇ ನೋಡುತ್ತಿದ್ದರು" ಅಂತಲೇ ಅವನ ನೆನಪಿನಲ್ಲಿ ಉಳಿಯುತ್ತದೆ.

ಅರ್ಧ ಲೋಟ ಚೆಲ್ಲುವುದಿಲ್ಲ ತಾನೆ? ಅದರಿಂದ ಅವನು ಕಲಿಯುವ ಪಾಠ "ಅರ್ಧ ತಂದದ್ದಕ್ಕೆ ಬಚಾವಾದೆ" ಎಂದು. ಮುಂದಿನ ಸಲವೂ ಅರ್ಧವೇ. ತುಂಬಿದ ಲೋಟ ಚೆಲ್ಲುತ್ತಿತ್ತೋ ಇಲ್ಲವೋ, ಚೆಲ್ಲಿದ್ದರೆ ಏನಾಗುತ್ತಿತ್ತು, ಇದು ಅವನಿಗೆ ಯಾವತ್ತೂ ತಿಳಿಯುವುದೇ ಇಲ್ಲ. ಭಯ ವರ್ಷಗಟ್ಟಲೆ ಸವೆಯದೆ ಉಳಿಯುವುದು ಹೀಗೆ.

ರಾತ್ರಿ ಇನ್ನೊಂದು ಸುತ್ತು ಶುರುವಾಗುತ್ತದೆ. ನೆಂಟರು ಹೋದ ಮೇಲೆ ಅವನು ಹಾಸಿಗೆಯಲ್ಲಿ ಆ ಎರಡು ನಿಮಿಷವನ್ನು ಮತ್ತೆ ಮತ್ತೆ ಓಡಿಸುತ್ತಾನೆ. ಅಜ್ಜಿ ಒಂದು ಗಂಟೆಗೆ ನೀರು ಕುಡಿಯಲು ಎದ್ದರೆ ಅವನ ರೂಮಿನಲ್ಲಿ ಬೆಳಕು. ಮೊಬೈಲ್ ಅಂದುಕೊಂಡು ಅವಳು ಬೈಯಲಿ. ನಿಜವಾಗಿ ಮೊಬೈಲ್ ಮಗುಚಿ ಬಿದ್ದಿರುತ್ತದೆ.

ಈಗ ಅಜ್ಜಿಯ ವಿಷಯ. ಅವಳಿಗೆ ತಿಳಿಯಬೇಕಾದ್ದು ಎರಡು ಸಂಗತಿ. ಹುಡುಗನಿಗೆ ಇರುವುದು ಭಯ ಎಂಬುದು ಮೊದಲನೆಯದು, ಅದು ನಿಮ್ಮ ಕಥೆಯಲ್ಲಿ ಬಂದಿದೆ. ತನ್ನ ಪ್ರೀತಿಯೂ ಆ ಭಯಕ್ಕೆ ಅನ್ನ ಹಾಕುತ್ತಿದೆ ಎಂಬುದು ಎರಡನೆಯದು, ಅದು ಬಂದಿಲ್ಲ. ಭಯ ಅಂತ ಗೊತ್ತಾದ ದಿನದಿಂದ ಅಜ್ಜಿ ಏನು ಮಾಡುತ್ತಾಳೆ? "ಅವನಿಗೆ ತಲೆನೋವು" ಅಂತ ನೆಂಟರಿಗೆ ಸುಳ್ಳು ಹೇಳುತ್ತಾಳೆ. ಕಾಫಿ ತಾನೇ ಒಯ್ಯುತ್ತಾಳೆ. ಅವನ ಫೋನಿಗೆ ತಾನು ಉತ್ತರ ಕೊಡುತ್ತಾಳೆ. ಮನೆ ಒಂದೆರಡು ತಿಂಗಳು ಶಾಂತವಾಗಿರುತ್ತದೆ. ಆದರೆ ಮೊದಲು ಅರ್ಧ ಲೋಟವನ್ನಾದರೂ ತರುತ್ತಿದ್ದವನು ಈಗ ಬಾಗಿಲ ಬೆಲ್ ಕೇಳಿದರೆ ಹಿತ್ತಲಿಗೆ ಹೋಗುತ್ತಾನೆ. ಆ ಇಳಿಕೆಯನ್ನು ಅಜ್ಜಿ ಕಣ್ಣಾರೆ ಕಾಣಬೇಕು.

ಎರಡು ಸಣ್ಣ ಮಾತು. ಕಥೆಯ ಕಾಲವನ್ನು ಹಿಗ್ಗಿಸಿ. ಇದನ್ನು ಸೋಶಿಯಲ್ ಆಂಕ್ಸೈಟಿ ಎಂಬ ಕಾಯಿಲೆ ಎಂದು ಕರೆಯಬೇಕಾದರೆ ಸಾಧಾರಣವಾಗಿ 6 ತಿಂಗಳಾದರೂ ಹೀಗೇ ಇರಬೇಕು. ನಿಮ್ಮದರಲ್ಲಿ ಎರಡು ವಾರದಲ್ಲಿ ಎಲ್ಲ ಮುಗಿದಿದೆ. ಜೊತೆಗೆ, ಕಾಲೇಜಿನಲ್ಲಿ ಅವನ ವಯಸ್ಸಿನವರೆದುರೂ ಹೀಗೇ ಎಂದು ಎಲ್ಲಾದರೂ ತೋರಿಸಿ. ಹಿರಿಯರೆದುರು ಮಾತ್ರ ಮಾತು ಬಾರದಿದ್ದರೆ ಬೇರೆ ಕಾರಣವೂ ಇರಬಹುದು.

ನಿವೃತ್ತ ಹೈಸ್ಕೂಲ್ ಮೇಷ್ಟ್ರು, ಕುಂದಾಪುರ:
ಡಾಕ್ಟ್ರೇ, ಇಷ್ಟೆಲ್ಲ ಯಾಕೆ? ಹೆದರುವ ಹುಡುಗರನ್ನು ಹೆದರಿಕೆಯ ಎದುರಿಗೇ ನಿಲ್ಲಿಸಬೇಕು. ಒಮ್ಮೆ ಸ್ಟೇಜ್ ಹತ್ತಿಸಿದರೆ ಮುಗಿಯಿತು. ಹತ್ತುವ ಮೊದಲು ಹತ್ತು ಸಲ ದೀರ್ಘವಾಗಿ ಉಸಿರು ಎಳೆದು ಬಿಡಲಿ. ಕಥೆಯ ಕೊನೆ ಸರಿಯಾಗಿಯೇ ಉಂಟು.

ಕ್ಲಿನಿಕಲ್ ಸೈಕಾಲಜಿಸ್ಟ್:
ನಾನು ಡಾಕ್ಟರ್ ಅಲ್ಲ ಮೇಷ್ಟ್ರೇ, ಔಷಧಿ ಬರೆಯುವುದು ಸೈಕಿಯಾಟ್ರಿಸ್ಟ್. ಎದುರಿಗೆ ನಿಲ್ಲಬೇಕು ಎಂದಿರಲ್ಲ, ಅದು ಪೂರ್ತಿ ಸರಿ. ತಪ್ಪಿರುವುದು "ಒಮ್ಮೆ" ಎಂಬಲ್ಲಿ. ಹಠಾತ್ತಾಗಿ ಬಕೆಟ್ ಕೈಗೆ ಬಂದರೆ ಅವನು ಹಲ್ಲು ಕಚ್ಚಿ ಬಡಿಸಿ ಮುಗಿಸಬಹುದು. ಮುಗಿಸಿದ ಮೇಲೆ "ಅಜ್ಜಿ ಪಕ್ಕದಲ್ಲಿ ಇದ್ದದ್ದಕ್ಕೆ ಆಯಿತು, ಇನ್ನೊಮ್ಮೆ ಆಗಲಿಕ್ಕಿಲ್ಲ" ಅಂದುಕೊಳ್ಳುತ್ತಾನೆ. ಅರ್ಧಕ್ಕೆ ಬಿಟ್ಟು ಓಡಿದರಂತೂ ಮುಂದಿನ ಮದುವೆಗೆ ಮನೆಯಿಂದಲೇ ಹೊರಡುವುದಿಲ್ಲ. ಭಯ ತಗ್ಗಬೇಕಾದರೆ ಹಲವು ಸಲ, ಅವನೇ ಒಪ್ಪಿ, ಚಿಕ್ಕದರಿಂದ ಶುರುಮಾಡಿ ನಿಲ್ಲಬೇಕು.

ಉಸಿರಾಟದಲ್ಲೂ ಒಂದು ತೊಡಕು ಉಂಟು. ಹತ್ತು ಉಸಿರು ಎಣಿಸಿದರೆ ಮಾತ್ರ ಹೊರಗೆ ಬರಬಹುದು ಅಂತ ಅವನು ನಂಬಿಬಿಟ್ಟರೆ ಅದೂ ಇನ್ನೊಂದು ಅರ್ಧ ಲೋಟವಾಯಿತು.

ಒಬ್ಬ ತಾಯಿ, ಸುರತ್ಕಲ್:
ನನ್ನ ಮಗಳಿಗೆ 5 ವರ್ಷ. ಮನೆಯಲ್ಲಿ ಪಟಪಟ ಮಾತು, ಶಾಲೆಯಲ್ಲಿ ವರ್ಷವಾದರೂ ಒಂದು ಶಬ್ದ ಇಲ್ಲ. ಇವಳಿಗೂ ತುಂಬಿದ ಲೋಟ ಕೊಟ್ಟು ನೋಡಬಹುದಾ?

ಕ್ಲಿನಿಕಲ್ ಸೈಕಾಲಜಿಸ್ಟ್:
ಅಮ್ಮಾ, ಇಲ್ಲಿ ನಡೆಯುತ್ತಿರುವುದು ಒಂದು ಕಥೆಯ ಚರ್ಚೆ. ನೀವು ಹೇಳಿದ್ದು ಇದರ ಹತ್ತಿರದ್ದೇ ಆದರೂ ಅದನ್ನು ನೋಡುವ ಕ್ರಮ ಬೇರೆ. ಶಾಲೆಯಲ್ಲಿ ಮಾತಿಗೆ ಒತ್ತಾಯ ಮಾಡುವುದು ಬೇಡ, "ಮಾತಾಡಿದರೆ ಚಾಕ್ಲೇಟ್" ಎಂದು ಎಲ್ಲರೆದುರು ಹೇಳುವುದೂ ಬೇಡ. ಮಕ್ಕಳ ಸೈಕಾಲಜಿಸ್ಟ್ ಹತ್ತಿರ ಒಮ್ಮೆ ಕರೆದುಕೊಂಡು ಹೋಗಿ, ತಡಮಾಡಬೇಡಿ. ಎಲ್ಲಿಗೆ ಹೋಗುವುದು ಅಂತ ಗೊತ್ತಾಗದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ, ಕನ್ನಡದಲ್ಲಿ ಮಾತಾಡಬಹುದು.

ಪ್ರಶ್ನೆ ಕೇಳಿದವರು:
ಹಾಗಾದರೆ ಹಂತಿಯನ್ನು ಕಥೆಯಿಂದ ತೆಗೆಯಬೇಕಾ? ಅಜ್ಜಿಗೆ ಬಡಿಸುವುದು ಅಂದರೆ ಪ್ರಾಣ. ಅವಳು ತಾನೇ ಯೋಚಿಸಿ, ಮೊದಲು ಉಪ್ಪು ಬಡಿಸಲಿ, ಆಮೇಲೆ ಪಲ್ಯ, ಆಮೇಲೆ ಅನ್ನ, ಎಲ್ಲದರ ಕೊನೆಗೆ ಸಾರು ಅಂತ ಮೆಟ್ಟಿಲು ಮಾಡಿಕೊಟ್ಟರೆ ಹೇಗೆ? ಉಪ್ಪು ಚೆಲ್ಲುವ ವಸ್ತು ಅಲ್ಲವಲ್ಲ.

ಕ್ಲಿನಿಕಲ್ ಸೈಕಾಲಜಿಸ್ಟ್:
ತೆಗೆಯಬೇಡಿ, ಬಹಳ ಚೆನ್ನಾಗಿದೆ. ಆದರೆ ಅದು ಅಜ್ಜಿಯ ಮೆಟ್ಟಿಲು, ಹುಡುಗನದ್ದಲ್ಲ. ಉಪ್ಪು ಬರುವ ಹೊತ್ತಿಗೆ ಎಲೆ ಖಾಲಿ. ಕೂತವರಿಗೆ ನೋಡಲಿಕ್ಕೆ ಬೇರೆ ಏನೂ ಇಲ್ಲ, ಬಡಿಸುವವನನ್ನೇ ನೋಡುತ್ತಾರೆ. "ಇವ ಯಾರ ಮಗ? ಏನು ಓದುವುದು?" ಎಂಬ ಪ್ರಶ್ನೆ ಬರುವುದೂ ಆಗಲೇ. ಸಾರಿನ ಹೊತ್ತಿಗೆ ಎಲ್ಲರ ಕಣ್ಣು ಎಲೆಯ ಮೇಲೆ, ಕೈ ಅನ್ನದ ಗುಂಡಿಯಲ್ಲಿ. ಅವನಿಗೆ ಉಪ್ಪೇ ಎಲ್ಲಕ್ಕಿಂತ ಕಷ್ಟ ಇರಬಹುದು. ಅಜ್ಜಿ ಸುಲಭದ್ದು ಅಂತ ಉಪ್ಪಿನ ಬಟ್ಟಲು ಕೊಡಲಿ, ಅವನು ಮೂರನೆಯ ಎಲೆಗೇ ಬೆವತು ಬಟ್ಟಲು ಇಟ್ಟುಹೋಗಲಿ. ಅವಳಿಗೆ ಸಿಟ್ಟು ಬರಲಿ. ಆಮೇಲೆ ಯಾವತ್ತೋ ಅವಳು ಮೊದಲ ಸಲ ಕೇಳಲಿ: "ನಿನಗೆ ಯಾವುದು ಸುಲಭ ಮಾಣಿ?"

ಮೆಟ್ಟಿಲು ಅಲ್ಲಿಂದ ಶುರು. ಪ್ರತಿಯೊಂದಕ್ಕೂ ಅವನು ಹತ್ತಕ್ಕೆ ಎಷ್ಟು ಭಯ ಅಂತ ಅಂಕ ಕೊಡಲಿ. ಅಜ್ಜಿಗೆ ತುಂಬಿದ ಲೋಟ ಕೊಡುವುದು 2, ಪಕ್ಕದ ಮನೆಯವರಿಗೆ 4, ನೆಂಟರೆದುರು 7, ಉಪ್ಪು 9. ನಾಲ್ಕರದ್ದನ್ನು ವಾರಕ್ಕೆ ಮೂರು ನಾಲ್ಕು ಸಲ ಮಾಡಲಿ. ಹೊರಡುವ ಮೊದಲು "ಚೆಲ್ಲುತ್ತದೆ, ಅವರು ನಗುತ್ತಾರೆ" ಎಂದು ಹೇಳಿ ಹೋಗಲಿ, ಬಂದ ಮೇಲೆ ಆದದ್ದನ್ನು ಮಾತ್ರ ಹೇಳಲಿ. ಹೋಗುವಾಗ ಅವನ ಕಣ್ಣು ಲೋಟದ ಮೇಲೆ ಬೇಡ, ಪಕ್ಕದ ಮನೆಯವರ ಮುಖದ ಮೇಲೆ ಇರಲಿ. ಕೊನೆಗೆ ಒಂದು ದಿನ ಬೇಕೆಂದೇ ತಟ್ಟೆಗೆ ಸ್ವಲ್ಪ ಚೆಲ್ಲಲಿ. ಪಕ್ಕದ ಮನೆಯವರು ಒರೆಸಿ ಕುಡಿದು ಕರೆಂಟ್ ಬಿಲ್ ಮಾತಾಡುತ್ತಾರೆ. ಈ ಜಾಗ ಕಥೆಯಲ್ಲಿ ನಿಧಾನವಾಗಿ ಬರಲಿ.

ಅಜ್ಜಿಯ ಪಾಲಿನ ಕೆಲಸ ಇದಕ್ಕಿಂತ ಕಷ್ಟದ್ದು. "ತಲೆನೋವು" ಎಂಬ ಸುಳ್ಳನ್ನು ಅವಳು ನಿಲ್ಲಿಸಬೇಕು. ಅದನ್ನೂ ಹೇಳಿಯೇ ನಿಲ್ಲಿಸಬೇಕು: "ನಿನಗೆ ಹೆದರಿಕೆ ಆಗ್ತದೆ ಅಂತ ಗೊತ್ತುಂಟು. ನಿನ್ನಿಂದ ಆಗ್ತದೆ ಅಂತಲೂ ಗೊತ್ತುಂಟು. ನಾಡಿದ್ದಿನಿಂದ ನಾನು ಸುಳ್ಳು ಹೇಳುದಿಲ್ಲ." ಹೇಳದೆ ನಿಲ್ಲಿಸಿದರೆ ಹುಡುಗನಿಗೆ ಅದು ಕೈಬಿಟ್ಟ ಹಾಗೆ. ಮೊದಲ ಒಂದೆರಡು ವಾರ ಅವನು ಮುನಿಯುತ್ತಾನೆ, ಊಟ ಬಿಡುತ್ತಾನೆ. ಬಹಳ ಮನೆಗಳಲ್ಲಿ ಹಿರಿಯರು ಸೋಲುವುದು ಇಲ್ಲೇ, ಮತ್ತೆ ತಾವೇ ಲೋಟ ಎತ್ತುತ್ತಾರೆ.

ಆರು ತಿಂಗಳಲ್ಲಿ ನೆಂಟರ ಲೋಟ 7ರಿಂದ 4ಕ್ಕೆ ಇಳಿದರೆ ನಂಬಬಹುದು. ಸೊನ್ನೆ ಮಾಡಬೇಡಿ.

ಕಥೆಗಾರರು, ಮಣಿಪಾಲ:
ಡಾಕ್ಟರಲ್ಲದ ಡಾಕ್ಟರು ಹೇಳಿದ್ದೆಲ್ಲ ಸರಿ. ಆದರೆ ಹತ್ತಕ್ಕೆ ಎಷ್ಟು ಎಂಬ ಅಂಕ ಅಜ್ಜಿಯ ಬಾಯಲ್ಲಿ ಬಂದರೆ ಕಥೆ ಕ್ಲಿನಿಕ್ ವಾಸನೆ ಹೊಡೆಯುತ್ತದೆ. ನಿರೂಪಣೆ ಪೂರ್ತಿ ಅಜ್ಜಿಯ ಕಣ್ಣಿನಿಂದ ಇರಲಿ. ‘ಆಂಕ್ಸೈಟಿ’ ಶಬ್ದವೇ ಬೇಡ. ಹುಡುಗನ ಮನಸ್ಸಿನೊಳಗೆ ಒಂದು ವಾಕ್ಯವೂ ಹೋಗಬೇಡಿ, ಅವಳು ಕಂಡದ್ದಷ್ಟೇ ಸಾಕು. ಲೋಟದ ಒಳಮೈಯಲ್ಲಿ ಕಾಫಿಯ ಗೆರೆ ಎಲ್ಲಿಯವರೆಗೆ ಉಂಟು ಎಂದು ತೊಳೆಯುವಾಗ ಅವಳಿಗೆ ಕಾಣುತ್ತದಲ್ಲ? ಅದೇ ನಿಮ್ಮ ಅಂಕಪಟ್ಟಿ. ಇನ್ನೊಂದು, ಅಜ್ಜಿ ಮದುವೆಯಾಗಿ ಬಂದ ಹೊಸತರಲ್ಲಿ ಅತ್ತೆಮನೆಯವರೆದುರು ಉಣ್ಣಲಾಗದೆ ಅರ್ಧ ಹೊಟ್ಟೆಯಲ್ಲಿ ಎದ್ದ ನೆನಪನ್ನು ತರಬೇಡಿ. ಎಲ್ಲರೂ ತರುತ್ತಾರೆ.

ಕ್ಲಿನಿಕಲ್ ಸೈಕಾಲಜಿಸ್ಟ್:
ಲೋಟದ ಗೆರೆ ನನಗೆ ಹೊಳೆಯುತ್ತಿರಲಿಲ್ಲ. ನೆನಪಿನ ವಿಷಯದಲ್ಲಿ ಮಾತ್ರ ಒಪ್ಪುವುದಿಲ್ಲ. ಈ ಆತಂಕ ಕುಟುಂಬಗಳಲ್ಲಿ ಹರಿದು ಬರುವುದುಂಟು, ಅಜ್ಜಿಗೂ ಇದ್ದಿರಬಹುದು.

ಕಥೆಗಾರರು, ಮಣಿಪಾಲ:
ಇದ್ದಿರಬಹುದು. ಇದ್ದದ್ದನ್ನೆಲ್ಲ ಬರೆಯಲೇಬೇಕೆಂದು ಇಲ್ಲ.

ನಿವೃತ್ತ ಹೈಸ್ಕೂಲ್ ಮೇಷ್ಟ್ರು:
ಒಂದು ದಿನವಾದರೂ ಸಾರು ಬಡಿಸಲಿ ಮಾರಾಯ್ರೆ.

ಪ್ರಶ್ನೆ ಕೇಳಿದವರು:
ಬಡಿಸುತ್ತಾನೆ ಮೇಷ್ಟ್ರೇ, ಎರಡನೆಯ ಹಂತಿಗೆ, ಜನ ಕಡಿಮೆ ಇರುವಾಗ. ಉಪ್ಪಿನ ಬಟ್ಟಲು ಆ ದಿನ ಅಜ್ಜಿಯ ಕೈಯಲ್ಲೇ ಇರಲಿ ಅಂತ ಯೋಚಿಸಿದ್ದೇನೆ. ನೆನಪನ್ನು ಹಾಕುವುದೋ ಬಿಡುವುದೋ ಇನ್ನೂ ಗೊತ್ತಾಗಲಿಲ್ಲ.