ಸಹಾಯ ಬೇಕು: ಊರು ಬಿಡಬೇಕಾದ ಪ್ರಮೋಷನ್ ಬೇಡ ಅಂತ ಮ್ಯಾನೇಜರ್‌ಗೆ ಹೇಗೆ ಹೇಳೋದು?

ಎಲ್ಲರಿಗೂ ನಮಸ್ಕಾರ. ನಾನು ಮೈಸೂರಿನ ಹೆಬ್ಬಾಳ ಇಂಡಸ್ಟ್ರಿಯಲ್ ಏರಿಯಾದ ಒಂದು ಕಾರ್ಖಾನೆಯಲ್ಲಿ ಕ್ವಾಲಿಟಿ ವಿಭಾಗದಲ್ಲಿದ್ದೇನೆ. ಪುಣೆ ಘಟಕಕ್ಕೆ ಸೆಕ್ಷನ್ ಹೆಡ್ ಆಗಿ ಹೋಗ್ತೀರಾ ಅಂತ ಮ್ಯಾನೇಜರ್ ಕೇಳಿದ್ದಾರೆ. ಸದ್ಯಕ್ಕೆ ಬಾಯಿಮಾತು ಅಷ್ಟೇ. ನನ್ನ ಹೆಂಡತಿ ಪಾಂಡವಪುರದ ಹತ್ತಿರ ಸರ್ಕಾರಿ ಶಾಲೆ ಟೀಚರ್. ಅವಳಿಗೆ ಪುಣೆಗೆ ವರ್ಗ ಎಲ್ಲಿಂದ ಸಿಗಬೇಕು? ಏರುವ ಸಂಬಳ ಎರಡನೇ ಮನೆ ಬಾಡಿಗೆಗೇ ಸರಿಹೋಗುತ್ತದೆ.

ಎಚ್‌ಆರ್ ಲೆಟರ್ ಬರುವ ಮುಂಚೆಯೇ ಹೇಳಿಬಿಡಬೇಕು ಅಂತಿದ್ದೇನೆ. ಆಮೇಲೆ ಬೇಡ ಅಂದರೆ ಶಿಫಾರಸು ಮಾಡಿದ ಮ್ಯಾನೇಜರ್‌ಗೇ ಮುಜುಗರ. ಜೊತೆಗೆ ನನ್ನ ನೇಮಕಾತಿ ಪತ್ರದಲ್ಲಿ ‘ಯಾವ ಘಟಕಕ್ಕಾದರೂ ವರ್ಗ ಮಾಡಬಹುದು’ ಅನ್ನೋ ಸಾಲು ಬೇರೆ ಇದೆ. ಹಾಗಾಗಿ ‘ಹೋಗಲ್ಲ’ ಅನ್ನೋ ಬದಲು ಹೀಗೆ ಹೇಳೋಣ ಅಂದುಕೊಂಡೆ:

“ಸರ್, ನನ್ನ ಹೆಸರು ಯೋಚಿಸಿದ್ದಕ್ಕೆ ಥ್ಯಾಂಕ್ಸ್. ಮನೆ ಕಾರಣಕ್ಕೆ ಮೈಸೂರು ಬಿಡೋಕಾಗಲ್ಲ. ಇಲ್ಲೇ ಜವಾಬ್ದಾರಿ ಹೆಚ್ಚಿದರೆ ಖಂಡಿತ ತಗೋತೀನಿ. ಪುಣೆಯವರಿಗೆ ಟ್ರೈನಿಂಗ್ ಬೇಕಿದ್ದರೆ ಎರಡು ವಾರ ಹೋಗಿ ಬರ್ತೀನಿ.”

‘ಈಗ ಆಗಲ್ಲ’ ಅಂದರೆ ಮುಂದಿನ ಅಪ್ರೈಸಲ್‌ನಲ್ಲಿ ಮತ್ತೆ ಕೇಳ್ತಾರೆ, ಅಲ್ವಾ? ‘ಯಾವತ್ತೂ ಬೇಡ’ ಅಂದರೆ ಇಲ್ಲಿನ ಪ್ರಮೋಷನ್ನಿಗೂ ಕಲ್ಲು ಬೀಳುತ್ತಾ? ಮಾತಾಡಿದ ಮೇಲೆ ಮೇಲ್ ಹಾಕಬೇಕಾ, ಸುಮ್ನೆ ಬಿಡಬೇಕಾ? ಇಂಥದ್ದು ಎದುರಿಸಿದವರು ದಯವಿಟ್ಟು ತಿಳಿಸಿ.