ಸಹಾಯ ಬೇಕು: ಚೂಪು ತುದಿಯ ಹೀಲ್ಸ್‌ಗೆ ಸೈಜ್ 38 ಸರಿಯಾ, 39 ಸರಿಯಾ?

ತಂಗಿಯ ರಿಸೆಪ್ಷನ್‌ಗೆ ಮೂರಿಂಚಿನ, ಚೂಪು ತುದಿಯ ಹೀಲ್ಸ್ ನೋಡುತ್ತಿದ್ದೇನೆ. ನನ್ನ ಪಾದ 24 ಸೆಂ.ಮೀ. ಫ್ಲಾಟ್ಸ್‌ನಲ್ಲಿ ಯುರೋಪಿಯನ್ 38 ಸರಿಯಾಗುತ್ತದೆ. ಆದರೆ ಇದರಲ್ಲಿ 38 ಹಾಕಿ ನಿಂತರೆ ಕಿರುಬೆರಳು ಒತ್ತುತ್ತದೆ, ಹಿಮ್ಮಡಿಯ ಹಿಂದೆ ಮಾತ್ರ ಬೆರಳು ತೂರುವಷ್ಟು ಜಾಗ! ಇಳಿಜಾರಿನಲ್ಲಿ ಪಾದ ಮುಂದೆ ಜಾರಿ, ಶೂ ಕಿರಿದಾಗುವ ಕಡೆ ಸಿಕ್ಕಿಕೊಳ್ಳುತ್ತೆ ಅಲ್ವಾ? ಚೂಪು ತುದಿಯಂತೂ ಸುಮ್ನೆ ಖಾಲಿ, ಬೆರಳು ಅಲ್ಲಿಗೆ ತಲುಪುವುದೇ ಇಲ್ಲ.

39ರಲ್ಲಿ ಬೆರಳಿಗೆ ಆರಾಮ, ಆದರೆ ನಡೆದರೆ ಹಿಮ್ಮಡಿ ಕಳಚುತ್ತದೆ. ಒಂದು ಸೈಜ್ ಏರಿದರೆ ಉದ್ದವೇ ಸುಮಾರು 6.7 ಮಿ.ಮೀ. ಜಾಸ್ತಿ, ಅಗಲ ಅಷ್ಟು ಹೆಚ್ಚುವುದಿಲ್ಲ.

38ರಲ್ಲೇ ಅಗಲದ ಫಿಟ್ಟಿಂಗ್ ಹುಡುಕಲಾ? ಇಲ್ಲ, 39 ತಗೊಂಡು ಬೆರಳುಗಳ ಬುಡದ ಕೆಳಗೆ ಜೆಲ್ ಪ್ಯಾಡ್ ಹಾಕಲಾ? ಪ್ಯಾಡ್ ಹಾಕಿದರೆ ಮತ್ತೆ ಬಿಗಿಯಾಗುತ್ತಾ? ಇಂಥ ಹೀಲ್ಸ್ ಹಾಕುವವರು ದಯವಿಟ್ಟು ಹೇಳಿ.