ಚೇಣಿ ಮಾತುಕತೆಯ ವಾಟ್ಸಾಪ್ ದಾಖಲೆ: ಸ್ಕ್ರೀನ್‌ಶಾಟೋ, ಎಕ್ಸ್‌ಪೋರ್ಟ್ ಫೈಲೋ?

ಪ್ರಶ್ನೆ (ತೀರ್ಥಹಳ್ಳಿ): ವಾಟ್ಸಾಪ್‌ನಲ್ಲಿ ಒಪ್ಪಿದ ಅಡಿಕೆ ದರವನ್ನು ತೋಟದ ಫಸಲು ಗುತ್ತಿಗೆ ಹಿಡಿದ ಚೇಣಿದಾರರು ಈಗ ಅಲ್ಲಗಳೆಯುತ್ತಿದ್ದಾರೆ. ಯಾವ ರೂಪದಲ್ಲಿ ದಾಖಲೆ ಇಟ್ಟರೆ ನಿಲ್ಲುತ್ತದೆ? ಅನುಭವ ಇದ್ದವರು ತಿಳಿಸಿ.

ಸಾಗರದ ತೋಟಗಾರ: ಎಕ್ಸ್‌ಪೋರ್ಟ್ ಫೈಲ್ ಒಂದಿದ್ದರೆ ಸಾಕು. ಸ್ಕ್ರೀನ್‌ಶಾಟನ್ನು ಯಾರು ಬೇಕಾದರೂ ತಿದ್ದಬಹುದು. ನನ್ನ ಬಾಡಿಗೆ ತಕರಾರಿನಲ್ಲಿ ಬಣ್ಣದ ಪ್ರಿಂಟ್‌ಗೆಂದೇ ದುಡ್ಡು ಸುರಿದೆ. ಎದುರಿನ ವಕೀಲರು ಮೊದಲ ಹಾಳೆಯಲ್ಲೇ ‘ನಿನ್ನೆ’ ಎಂದಿರುವುದನ್ನು ತೋರಿಸಿ, ಯಾವ ನಿನ್ನೆ ಎಂದು ಕೇಳಿದರು. ಎಕ್ಸ್‌ಪೋರ್ಟ್‌ನಲ್ಲಾದರೆ ಪ್ರತಿ ಸಂದೇಶಕ್ಕೂ ತಾರೀಕು ಇರುತ್ತದೆ.

ಹೊಸನಗರದವಳು: ಸಾಕು ಎನ್ನಬೇಡಿ ಸ್ವಾಮಿ. ಅದು ಬರೀ ಟೆಕ್ಸ್ಟ್ ಫೈಲು, ನೋಟ್‌ಪ್ಯಾಡಿನಲ್ಲಿ ತಿದ್ದಲು ಸ್ಕ್ರೀನ್‌ಶಾಟಿಗಿಂತ ಸುಲಭ. ನಮ್ಮ ಚೇಣಿಯಲ್ಲಿ ನಡೆದದ್ದು ನೋಡಿ:

```
14/11/2024, 7:38 pm - ನಾನು: ಹೇಳಿದ ದರವೇ ಖಾಯಂ ತಾನೇ?
14/11/2024, 7:40 pm - ನಾನು: ನಾಳೆ ಲಾರಿ ಬರಲಿಯೇ?
14/11/2024, 7:42 pm - ಚೇಣಿದಾರ: ಆಗಲಿ
```

ಅವರು ದರದ ಸಂದೇಶವನ್ನೇ ಎಳೆದು ಅದಕ್ಕೆ ‘ಆಗಲಿ’ ಎಂದು ಉತ್ತರಿಸಿದ್ದರು. ಯಾವ ಸಂದೇಶಕ್ಕೆ ಉತ್ತರ ಎಂಬುದು ಎಕ್ಸ್‌ಪೋರ್ಟ್‌ನಲ್ಲಿ ಉಳಿಯುವುದಿಲ್ಲವಾದ್ದರಿಂದ, ಪಂಚಾಯಿತಿಯಲ್ಲಿ ಅವರು ‘ನಾನು ಒಪ್ಪಿದ್ದು ಲಾರಿಗೆ’ ಎಂದುಬಿಟ್ಟರು. ಉತ್ತರದ ಮೇಲೆ ದರದ ಸಂದೇಶ ಕಾಣುವ ಪೆಟ್ಟಿಗೆಯ ಸಮೇತ ತೆಗೆದಿದ್ದ ಸ್ಕ್ರೀನ್‌ಶಾಟೇ ನನ್ನನ್ನು ಉಳಿಸಿತು.

ಸಾಗರದ ತೋಟಗಾರ: ನಿಮ್ಮದು ಪಂಚಾಯಿತಿ, ನನ್ನದು ಕೋರ್ಟು. ಎರಡನ್ನೂ ಒಂದೇ ತಕ್ಕಡಿಯಲ್ಲಿ ಇಡಬೇಡಿ.

ಹೊಸನಗರದವಳು: ಕೋರ್ಟಿಗೆ ಹೋಗಿಯೂ ‘ನಿನ್ನೆ’ಯಲ್ಲಿ ಸಿಕ್ಕಿಬಿದ್ದವರು ನನಗೆ ತಕ್ಕಡಿಯ ಪಾಠ ಹೇಳುವುದು ಬೇಡ.

ಶಿವಮೊಗ್ಗದ ವಕೀಲರ ಕಚೇರಿಯಲ್ಲಿರುವವನು: ಇಬ್ಬರೂ ಮೊಬೈಲನ್ನೇ ಮರೆತಿದ್ದೀರಿ. ಮೂಲ ಸಂದೇಶವಿರುವ ಮೊಬೈಲನ್ನು ಮಾರಬಾರದು, ರೀಸೆಟ್ ಮಾಡಬಾರದು. 2024ರ ಜುಲೈ 1ರಿಂದ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಂ ಜಾರಿಯಲ್ಲಿದೆ. ಅದರ ಪ್ರಕಾರ ಇಂಥ ದಾಖಲೆಯ ಜೊತೆ ಕೊಡುವ ಪ್ರಮಾಣಪತ್ರದಲ್ಲಿ ಹ್ಯಾಶ್ ಮೌಲ್ಯ, ಅಂದರೆ ಫೈಲಿನ ಬೆರಳಚ್ಚಿನಂಥ ಅಂಕಿ-ಅಕ್ಷರಗಳ ಸಾಲು, ಬರೆಯಬೇಕು. ಆದ್ದರಿಂದ ಎಕ್ಸ್‌ಪೋರ್ಟ್ ಮಾಡಿದ ದಿನವೇ ಜಿಪ್ ಫೈಲನ್ನು ವಿಂಡೋಸ್ ಕಂಪ್ಯೂಟರಿಗೆ ಹಾಕಿ ಹೀಗೆ ತೆಗೆದಿಡಿ:

```
certutil -hashfile chat.zip SHA256
```

ಬಂದ ಸಾಲನ್ನು ಫೈಲಿನೊಂದಿಗೆ ನಿಮಗೇ ಇಮೇಲ್ ಮಾಡಿಕೊಂಡರೆ ಅಂದು ಆ ಫೈಲ್ ಹೀಗೇ ಇತ್ತು ಎಂಬುದಕ್ಕೆ ತಾರೀಕು ಸಿಗುತ್ತದೆ. ಒಂದಕ್ಷರ ಬದಲಾದರೂ ಹ್ಯಾಶ್ ಬೇರೆಯಾಗುತ್ತದೆ. ಮತ್ತೆ ಎಕ್ಸ್‌ಪೋರ್ಟ್ ಮಾಡಿದರೂ ಅದೇ ಬರುತ್ತದೆಂದು ನಂಬಬೇಡಿ. ಆದರೆ ಹ್ಯಾಶ್ ತೆಗೆಯುವ ಮೊದಲೇ ಫೈಲನ್ನು ತಿದ್ದಿದ್ದರೆ ಹ್ಯಾಶ್ ಅದನ್ನು ಹಿಡಿಯದು, ಮೊಬೈಲ್ ಬೇಕಾಗುವುದು ಅದಕ್ಕೇ. ಎಕ್ಸ್‌ಪೋರ್ಟ್‌ನಲ್ಲಿ ಬರುವುದು ನೀವು ಸೇವ್ ಮಾಡಿದ ಹೆಸರು, ನಂಬರಲ್ಲ. ನಂಬರ್ ಕಾಣುವ ಪುಟದ ಸ್ಕ್ರೀನ್‌ಶಾಟೂ ಇರಲಿ.

ಕೊಪ್ಪದವರು: ನಮ್ಮ ಚೇಣಿದಾರರು ಮಾತನ್ನೆಲ್ಲ ವಾಯ್ಸ್ ಮೆಸೇಜಿನಲ್ಲೇ ಆಡುತ್ತಾರೆ. ಮೀಡಿಯಾ ಬಿಟ್ಟು ಎಕ್ಸ್‌ಪೋರ್ಟ್ ಮಾಡಿದಾಗ ಆ ಜಾಗದಲ್ಲೆಲ್ಲ `<Media omitted>` ಎಂದಷ್ಟೇ ಬಂತು.

ಸಾಗರದ ತೋಟಗಾರ: ಪ್ರಮಾಣಪತ್ರದ ಭಾಗ ‘ಬಿ’ಗೆ ಪರಿಣತರ ಸಹಿ ಬೇಕಲ್ಲ, ಅದನ್ನೇಕೆ ಹೇಳಲಿಲ್ಲ? ಶಿವಮೊಗ್ಗದಲ್ಲಿ ಅದನ್ನು ಯಾರು ಹಾಕುತ್ತಾರೆ, ಎಷ್ಟು ಕೇಳುತ್ತಾರೆ?

ಶಿವಮೊಗ್ಗದ ವಕೀಲರ ಕಚೇರಿಯಲ್ಲಿರುವವನು: ಬೇಕು. ಪರಿಣತರೆಂದರೆ ಯಾರು ಎಂಬುದರ ಮೇಲೇ ನಮ್ಮ ಕಚೇರಿಯಲ್ಲಿ ದಿನಾ ಜಗಳ ನಡೆಯುತ್ತಿದೆ.